ಒಂದು ಎಕರೆ ಸುತ್ತ ಎಷ್ಟು ಕಲ್ಲು, ಎಷ್ಟು ತಂತಿ

ಅಕ್ಕಂದಿರ, ವೈನಿಯವರ, ಬೇಲಿ ಹಾಕಿಸಿದ್ದಕ್ಕ ಎಷ್ಟು ಖರ್ಚು ಬಂತು ಅಂತ ಎಲ್ಲಾರೂ ಕೇಳತೀರಿ. ರೊಕ್ಕದ ಲೆಕ್ಕ ಹೇಳಿದ್ರ ಉಪಯೋಗಿಲ್ಲರಿ, ಕಲ್ಲಿನ ರೇಟು ತಂತಿ ರೇಟು ಊರಿಗೊಂದು, ವರ್ಷಕ್ಕೊಂದು. ಎಷ್ಟು ಕಲ್ಲು, ಎಷ್ಟು ತಂತಿ ಬೇಕು ಅನ್ನೋ ಲೆಕ್ಕ ಮಾತ್ರ ಎಲ್ಲಾ ಊರಾಗೂ ಒಂದ. ಅದನ್ನ ಬರದ ಇಡತೀನಿ. ಕಾಗದ, ಪೆನ್ನು, ಒಂದು ಟೇಪು ಇದ್ರ ನೀವೂ ಮಾಡಬಹುದು.

ಹೊಲ ನಮ್ಮ ಅತ್ತಿಯವರ ಹೆಸರಿಂದು. ಗದಗ ಕಡೆ ಎರಿ ಭೂಮಿ, ಬಾವಿ ಅದ, ರಸ್ತಾದ ಬಾಜು. ಕಾಯಿಪಲ್ಯ ಹಾಕಬೇಕು ಅಂತ ಎರಡು ವರ್ಷ ಪ್ರಯತ್ನ ಮಾಡಿದ್ವಿ. ಮೆಂತೆ ನಾಲ್ಕು ಎಲಿ ಬಿಡೂದ ತಡ ಆಡು ನುಗ್ಗತಿದ್ವು, ಬದನಿಗಿಡ ದನ ತುಳೀತಿದ್ವು. ಯಾರ ಆಡು, ಯಾರ ದನ ಅಂತ ಜಗಳಾಡಿ ಆಡಿ ಅತ್ತಿ ಬೇಸತ್ತರು. ಕಡೀಕ ನಮ್ಮ ಸಂಘದಾಗ ಸಾಲ ತಗೊಂಡೆ. ವಾರಾ ವಾರಾ ಕಟ್ಟೋ ಸಾಲ. ಹಂಗಾಗಿ ಒಂದು ಕಲ್ಲು ಹೆಚ್ಚಾದ್ರೂ ಹೊರಿ, ಒಂದು ಕಲ್ಲು ಕಡಿಮಿ ಆದ್ರೂ ಹೊರಿ. ಕಡಿಮಿ ಆಗೂದ ಹೆಚ್ಚು ತ್ರಾಸು, ಯಾಕಂದ್ರ ಕಲ್ಲು ಕ್ವಾರಿಯಿಂದ ಲಾರಿ ಮ್ಯಾಲ ಬರತದ. ಹತ್ತು ಕಲ್ಲಿಗೆ ಇನ್ನೊಮ್ಮೆ ಲಾರಿ ಕರಸಿದ್ರ ಕಲ್ಲಿಗಿಂತ ಬಾಡಿಗಿ ಜಾಸ್ತಿ.

ಮೊದಲ ಒಂದು ಮಾತು. "ಎಕರೆಕ್ಕ ಎಷ್ಟು ಕಲ್ಲು?" ಅಂತ ಯಾರನ್ನೂ ಕೇಳಬ್ಯಾಡ್ರಿ. ಎಕರೆ ಅಂದ್ರ ನೆಲದ ಲೆಕ್ಕ, ಬೇಲಿ ಅಂದ್ರ ಸುತ್ತಿನ ಲೆಕ್ಕ. ಗುಂಟೆ ಅಂದ್ರ 33 ಫೂಟು ಉದ್ದ, 33 ಫೂಟು ಅಗಲ. ಅಂಥಾವು 40 ಕೂಡಿದ್ರ ಒಂದು ಎಕರೆ. ಆ 40 ಗುಂಟೆ ಹೆಂಗ ಜೋಡಿಸಿದ್ರೂ ಎಕರೆ ಒಂದ, ಆದ್ರ ಸುತ್ತಳತಿ ಬ್ಯಾರೆ. ನಮ್ಮದು 10 ಗುಂಟೆ ಉದ್ದ, 4 ಗುಂಟೆ ಅಗಲ, ಅಂದ್ರ 330 ಫೂಟು, 132 ಫೂಟು. ಸುತ್ತು 924 ಫೂಟು. ಅದೇ ಎಕರೆ ಚೌಕಾಗಿ ಇದ್ದಿದ್ರ ಒಂದೊಂದು ಬಾಜು ಸುಮಾರು 209 ಫೂಟು, ಸುತ್ತು 836 ಆಗತಿತ್ತು. ಪಟ್ಟಿ ಹಂಗ 20 ಗುಂಟೆ ಉದ್ದ, 2 ಗುಂಟೆ ಅಗಲ ಇದ್ದಿದ್ರ 1,452 ಫೂಟು. ನೋಡ್ರಿ, ಉತಾರದಾಗ ಮೂರೂ ಒಂದ ಎಕರೆ. ತಂತಿ ಮಾತ್ರ ಒಂದೂಮುಕ್ಕಾಲು ಪಟ್ಟು ತನಕ ಫರಕು.

ಹಂಗಾಗಿ ಹೊಲಕ್ಕ ಹೋಗಿ ಅಳೀಬೇಕು. ಹದ್ದಿನ ಕಲ್ಲು ಎಲ್ಲಿ ಅವ ಅಂತ ಮೊದಲ ನೋಡಿಕೊಳ್ರಿ. ಅದರ ಬಗ್ಗೆ ಬಾಜು ಹೊಲದವರ ಜೋಡಿ ತಕರಾರಿದ್ರ ಹದ್ದುಬಸ್ತು ಮಾಡಸೂದು ಮೊದಲ, ಬೇಲಿ ಆಮ್ಯಾಲ. ನಮ್ಮ ಹದ್ದಿನ ಕಲ್ಲಿನಿಂದ ಹದ್ದಿನ ಕಲ್ಲಿಗೆ 332 ಫೂಟು, 134 ಫೂಟು ಇತ್ತು. ಹದ್ದಿನ ಮ್ಯಾಲ ಬೇಲಿ ಹಾಕದ ಎಲ್ಲಾ ಕಡೆ ಒಂದು ಫೂಟು ಒಳಗ ಬಂದ್ವಿ. ಹದ್ದಿನ ಕಲ್ಲು ಅಲ್ಲಾಡಂಗಿಲ್ಲ, ಮುಂದ ತಂತಿ ಬಿಗಿಯಾಕ ಹೊರಗಿನಿಂದ ನಿಂತ್ರೂ ನಮ್ಮ ನೆಲದಾಗ ನಿಂತಂಗಾತು. ನಾಲ್ಕು ಮೂಲಿ ಹೊಲಕ್ಕ ಒಂದು ಫೂಟು ಒಳಗ ಬಂದ್ರ ಸುತ್ತಿನಾಗ ಬರೇ ಎಂಟು ಫೂಟು ಕಡಿಮಿ ಆಗ್ತದ, ಹೊಲ ಎಷ್ಟ ದೊಡ್ಡದಿರಲಿ. ಅಷ್ಟಕ್ಕ ಜೀವ ಸಣ್ಣ ಮಾಡಬ್ಯಾಡ್ರಿ.

ಅಳಿಯಾಕ ನೂಲಿನ ಹಗ್ಗ ಬ್ಯಾಡ. ಜಗ್ಗಿದ್ರ ಹಿಗ್ಗತದ, ಹಸಿ ಆದ್ರ ಕುಗ್ಗತದ. 100 ಫೂಟಿನ ಟೇಪು ತಗೊಂಡು, ಎರಡು ಮೂಲಿ ನಡುವ ದಾರ ಕಟ್ಟಿ, ದಾರದ ಗುಂಟ ಅಳೀರಿ. ದಾರ ಇಲ್ಲದ ಅಳದ್ರ ಟೇಪು ಅಡ್ಡಾದಿಡ್ಡಿ ಹೋಗಿ ಅಳತಿ ಹೆಚ್ಚು ಬರತದ. ನಾಲ್ಕೂ ಬಾಜು ಬ್ಯಾರೆ ಬ್ಯಾರೆ ಬರದ ಇಡ್ರಿ. ಕೂಡಿಸಿ ಬರದ್ರ ಮುಂದಿನ ಲೆಕ್ಕ ಆಗೂದಿಲ್ಲ.

ಇಲ್ಲಿಗೆ ಕಲ್ಲಿನ ಲೆಕ್ಕ. ಕಂಬಕ್ಕ ಕಂಬಕ್ಕ 8 ಫೂಟಿಗಿಂತ ಹೆಚ್ಚು ಇರಬಾರದು ಅಂತ ನಾವು ಹಿಡದ್ವಿ. ಗುತ್ತಿಗಿ ಹಿಡಿಯಾಕ ಬಂದಾಂವ 924ಕ್ಕ 8ರಿಂದ ಭಾಗಿಸಿ "116 ಕಲ್ಲು ಸಾಕರಿ" ಅಂದ. ನನ್ನ ಮೈದುನ ಒಪ್ಪಲಿಲ್ಲ. "ಒಂದು ಸಾಲಿನಾಗ ಅಂಕಣಕ್ಕಿಂತ ಕಂಬ ಒಂದು ಹೆಚ್ಚು ಇರತದ" ಅಂತ ನಾಲ್ಕೂ ಬಾಜುಕ್ಕ ಒಂದೊಂದು ಕೂಡಿಸಿ 122 ಅಂದ. ಇಬ್ಬರೂ ವಾದ ಹಾಕತಿದ್ರು. ಅತ್ತಿ ಚಾ ಕೊಟ್ಟು, "ಕಂಬ ಯಾಕ ಎಣಸತೀರಿ, ಮನಿ ಕಟ್ಟುವಾಗ ಅಂಕಣ ಎಣಸೂದಿಲ್ಲೇನು?" ಅಂದರು. ಅದ ನೋಡ್ರಿ ಕೀಲಿ. ನಮ್ಮ ಹಳೇ ಮನಿಗಳನ್ನ ಕಂಬದ ಲೆಕ್ಕದಾಗ ಯಾರೂ ಹೇಳೂದಿಲ್ಲ, ಇಷ್ಟು ಅಂಕಣದ ಮನಿ ಅಂತಾರ.

ಅಂಕಣ ಅಂದ್ರ ಎರಡು ಕಂಬದ ನಡುವಿನ ಜಾಗ. ಅರಬಿ ಒಣಹಾಕೋ ಹಗ್ಗಕ್ಕ ಮೂರು ಕಂಬ ಇದ್ರ ಅಂಕಣ ಎರಡು. ಅದು ಬರೇ ಒಂದು ಸಾಲು, ಹಂಗಾಗಿ ಕಂಬ ಒಂದು ಹೆಚ್ಚು. ಮೈದುನ ಹೇಳಿದ್ದು ಅಲ್ಲಿಗೆ ಖರೆ. ಆದ್ರ ಹೊಲದ ಬೇಲಿ ಸುತ್ತಿ ಬಂದು ಹೊರಟಲ್ಲೇ ಕೂಡತದ. ಕೊಳ್ಳಾಗಿನ ಸರದಾಗ ಮಣಿ ಎಷ್ಟೋ ನಡುವಿನ ಸಂದೂ ಅಷ್ಟ ಇರತಾವಲ್ಲ, ಹಂಗ. ಮೂಲಿ ಕಂಬ ಎರಡೂ ಬಾಜುಕ್ಕ ಒಂದ. ಅದನ್ನ ಎರಡು ಸಲ ಎಣಸಬಾರದು. ಸುತ್ತಿನ ಬೇಲಿಗೆ ಅಂಕಣ ಎಷ್ಟೋ ಕಂಬ ಅಷ್ಟ.

ಹಂಗಂದ್ರ ಗುತ್ತಿಗಿದಾರಂದು ಸರಿ ಆತಲ್ಲ ಅಂತೀರಿ. ಅದೂ ಆಗಲಿಲ್ಲ. ಸುತ್ತು ಪೂರಾ ಒಂದ ಸಲ ಭಾಗಿಸಬಾರದು. ಯಾಕಂದ್ರ ಪ್ರತಿ ಮೂಲಿಗೂ ಒಂದು ಕಂಬ ಬರಲೇಬೇಕು. 330 ಫೂಟಿನ ಬಾಜುದಾಗ ಎಂಟೆಂಟು ಫೂಟಿಗೆ ಕುಣಿ ತೋಡಿಕೋತ ಹೋದ್ರ 41 ಅಂಕಣಕ್ಕ 328 ಫೂಟು ಆಗ್ತದ. ಮೂಲಿಗೆ ಇನ್ನೂ ಎರಡು ಫೂಟು ಉಳೀತದ. ಅಲ್ಲಿ ಎರಡು ಕಂಬ ಮೈಗೆ ಮೈ ಹಚ್ಚಿ ನಿಂತಂಗ ಕಾಣತದ, ಮೂಲಿ ಕುಣಿ ತೋಡುವಾಗ ಬಾಜು ಕುಣಿ ಕುಸೀತದ. ಅದಕ್ಕ ಒಂದೊಂದು ಬಾಜು ಬ್ಯಾರೆ ಹಿಡಿದು, ಎಂಟರಿಂದ ಭಾಗಿಸಿ, ಚಿಲ್ಲರೆ ಬಂದ್ರ ಮುಂದಿನ ಪೂರ್ಣ ಅಂಕಿ ತಗೋಬೇಕು. ಆಮ್ಯಾಲ ಆ ಬಾಜುನ್ನ ಅಷ್ಟ ಅಂಕಣಕ್ಕ ಸಮ ಹಂಚಬೇಕು. 330ಕ್ಕ 41 ಚಿಲ್ಲರೆ ಬಂತು, 42 ಹಿಡದ್ವಿ. ಒಂದೊಂದು ಅಂಕಣ 7 ಫೂಟು 10 ಇಂಚಿನ ಮ್ಯಾಲ ಸ್ವಲ್ಪ. 132ಕ್ಕ ಹದಿನಾರೂವರಿ ಬಂತು, 17 ಹಿಡದ್ವಿ. ಒಂದೊಂದು 7 ಫೂಟು 9 ಇಂಚು ಚಿಲ್ಲರೆ. ಕಣ್ಣಿಗೆ ಒಂದೂ ಫರಕು ಕಾಣೂದಿಲ್ಲ.

ಸಮ ಹಂಚೂದು ಹೊಲದಾಗ ಹೆಂಗ ಅಂತ ಕೇಳಿದ್ರ, ಮೊದಲ ದೊಡ್ಡ ತುಂಡು ಮಾಡ್ರಿ. 330ರಾಗ 110 ಫೂಟಿಗೊಂದು, 220 ಫೂಟಿಗೊಂದು ಗೂಟ ಹೊಡದ್ವಿ. ಮೂರು ತುಂಡಾತು, ಒಂದೊಂದರಾಗ 14 ಅಂಕಣ. ಆಮ್ಯಾಲ ಅಂಕಣದ ಅಳತಿಗೆ ಒಂದು ಬಿದಿರು ಕೋಲು ಕಡಕೊಂಡು ಗುರುತು ಹಾಕೋತ ಹೋದ್ವಿ. ಕೋಲಿನಾಗ ಕೂದಲೆಳಿ ತಪ್ಪಿದ್ರೂ 14 ಅಂಕಣದ ಒಳಗ ಗೊತ್ತಾಗತದ, 42 ಮುಗಿಯೂ ತನಕ ಬೆಳೆಯೂದಿಲ್ಲ. ಆ ಎರಡು ಗೂಟದ ಜಾಗ ಮುಂದ ಇನ್ನೊಂದು ಕೆಲಸಕ್ಕೂ ಬಂತು, ಹೇಳತೀನಿ.

ಇನ್ನ ಗೇಟು. ನಮ್ಮ ಗೇಟು ರಸ್ತಾ ಕಡೆ 132 ಫೂಟಿನ ಬಾಜುದಾಗ. ಟ್ರ್ಯಾಕ್ಟರ್ ಟ್ರೇಲಿ ರಸ್ತಾದಿಂದ ತಿರುಗಿ ಒಳಗ ಬರಬೇಕು, ಹೊಟ್ಟು ಹೇರಿದ ಚಕ್ಕಡಿನೂ ಬರಬೇಕು, ಅದಕ್ಕ 12 ಫೂಟು ಬಯಲು ಬೇಕಂತ ಮೈದುನ ಅಂದ. ಆದ್ರ ನಾವು ಅಳಿಯೂದು ಕಂಬದ ನಡುವಿನಿಂದ ಕಂಬದ ನಡುವಿಗೆ. ಗೇಟಿನ ಕಲ್ಲು ಆರಾರು ಇಂಚು ದಪ್ಪ. ಅರ್ಧ ಕಲ್ಲು ಈಚೆ, ಅರ್ಧ ಕಲ್ಲು ಆಚೆ ಸೇರಿದ್ರ ಆರು ಇಂಚು ಹೋಗೇ ಬಿಡತದ. ಹಂಗಾಗಿ ನಡುವಿನಿಂದ ನಡುವಿಗೆ ಹನ್ನೆರಡೂವರಿ ಫೂಟು ಇಟ್ವಿ. 12 ಇಟ್ಟಿದ್ರ ಹನ್ನೊಂದೂವರಿ ಫೂಟಿನ ಬಾಗಿಲಾಗತಿತ್ತು.

132ರಾಗ ಹನ್ನೆರಡೂವರಿ ಕಳದ್ರ ಹತ್ತೊಂಬತ್ತೂವರಿ ಕೂಡಿ ನೂರು, ಅಂದ್ರ 119 ಫೂಟು 6 ಇಂಚು. ಇಲ್ಲೊಂದು ಸವಲತ್ತು ಅದ ನೋಡ್ರಿ. ಮೂಲಿ ಜಾಗ ನಮ್ಮ ಕೈಯಾಗಿಲ್ಲ, ಗೇಟಿನ ಜಾಗ ನಮ್ಮ ಕೈಯಾಗದ. ನಾಲ್ಕು ಫೂಟು ಆಚೆ ಈಚೆ ಸರಿಸಬಹುದು. ಒಂದು ಮೂಲಿಯಿಂದ 40 ಫೂಟಿಗೆ ಗೇಟಿನ ಮೊದಲ ಕಂಬ ಇಟ್ವಿ, ಸರಿಯಾಗಿ 5 ಅಂಕಣ ಆತು. ಆಚೆ ಕಡೆ ಉಳದ 79 ಫೂಟು 6 ಇಂಚಿಗೆ 10 ಅಂಕಣ, ಒಂದೊಂದು 7 ಫೂಟು 11 ಇಂಚು ಚಿಲ್ಲರೆ. ಗೇಟನ್ನ ಮೂಲಿಗೇ ಹಚ್ಚಿ ಇಡಬಹುದಿತ್ತು, ಒಂದು ಕಂಬ ಉಳೀತಿತ್ತು ಅನ್ನಸತದ. ಆದ್ರ ಮೂಲಿ ಕಂಬದ ಮ್ಯಾಲ ತಂತಿ ಜಗ್ಗೂದೂ ಗೇಟಿನ ಭಾರವೂ ಎರಡೂ ಬೀಳತದ. ಅದು ಬ್ಯಾಡಂದ್ವಿ.

ಈಗ ಕೂಡಸ್ರಿ. ಗೇಟನ್ನೂ ಒಂದು ಅಂಕಣ ಅಂತ ಎಣಸ್ರಿ. ಉದ್ದ ಬಾಜು ಎರಡಕ್ಕ 42, 42. ಹಿಂದಿನ ಬಾಜುಕ್ಕ 17. ಮುಂದಿನ ಬಾಜುದಾಗ 5, ಗೇಟು 1, ಆಮ್ಯಾಲ 10. ಒಟ್ಟು 117 ಅಂಕಣ, ಅಂದ್ರ 117 ಕಂಬ. ಇದರಾಗ ಆರು ದಪ್ಪಗಲ್ಲು, ನಾಲ್ಕು ಮೂಲಿಗೆ, ಎರಡು ಗೇಟಿಗೆ. ಉಳದ 111 ಸಾದಾ ಕಲ್ಲು.

ಗುತ್ತಿಗಿದಾರನ 116ಕ್ಕೂ ನಮ್ಮ 117ಕ್ಕೂ ಒಂದ ಕಲ್ಲು ಫರಕು, ಇದಕ್ಕ ಇಷ್ಟು ಹೊತ್ತು ಬೇಕಿತ್ತೇನು ಅಂತ ಮೈದುನ ನಕ್ಕ. ಖರೆ ಕೊರತಿ ಇನ್ನೂ ಬರಬೇಕಿತ್ತು.

ತಂತಿ ಬಿಗದ ಮ್ಯಾಲ ಅದು ಎಲ್ಲಾ ಕಂಬನ್ನೂ ಒಂದ ನಮೂನಿ ಜಗ್ಗೂದಿಲ್ಲ. ಸಾಲಿನ ನಡುವಿನ ಕಂಬಕ್ಕ ಎಡಕ್ಕೂ ಬಲಕ್ಕೂ ಸಮ ಜಗ್ಗತದ, ಅದು ನೆಟ್ಟಗ ನಿಲ್ಲತದ. ಮೂಲಿ ಕಂಬಕ್ಕ ಮಾತ್ರ ಎರಡು ದಿಕ್ಕಿನಿಂದ ಒಳಗ ಜಗ್ಗತದ, ಹೊರಗ ಹಿಡಕೊಳ್ಳೋರು ಯಾರೂ ಇಲ್ಲ. ಎರಡು ಮಳಿಗಾಲದಾಗ ಮೂಲಿ ಹೊಲದ ಕಡೆ ಬಾಗತದ, ಇಡೀ ಸಾಲಿನ ತಂತಿ ಜೋತು ಬೀಳತದ. ಅದಕ್ಕ ಮೂಲಿ ಕಂಬಕ್ಕ ಓರೆ ಆಸರಗಲ್ಲು ಕೊಡಬೇಕು, ಯಾವ ದಿಕ್ಕಿನಿಂದ ತಂತಿ ಜಗ್ಗತದೋ ಆ ಸಾಲಿನ ಗುಂಟನ. ಆಸರಗಲ್ಲಿನ ಬುಡ ನಾಲ್ಕು ಫೂಟು ದೂರ ನೆಲದಾಗ, ತಲಿ ಮೂಲಿ ಕಂಬಕ್ಕ ನಾಲ್ಕು ಫೂಟು ಎತ್ತರದಾಗ ಆತು ನಿಲ್ಲಬೇಕು. ಮೂಲಿಗೆ ಎರಡರಂತೆ ನಾಲ್ಕು ಮೂಲಿಗೆ 8.

ಗೇಟಿನ ಕಂಬಕ್ಕ ತಂತಿ ಒಂದ ಕಡೆಯಿಂದ ಜಗ್ಗತದ, ಹಂಗಾಗಿ ಒಂದೊಂದು ಆಸರಗಲ್ಲು, ಒಟ್ಟು 2. ಆದ್ರ ಗೇಟು ತೂಗೂದು ಉಲ್ಟಾ ದಿಕ್ಕಿಗೆ, ಬಯಲಿನ ಕಡೆ. ಆ ಕಡೆ ಆಸರಗಲ್ಲು ಇಡಾಕ ಬರೂದಿಲ್ಲ, ದಾರಿ ಅದು. ಅದಕ್ಕ ಗೇಟಿನ ಕಲ್ಲು 8 ಫೂಟು ಉದ್ದಂದು ತಂದು, ಮೂರು ಫೂಟು ಹುಗದು, ಬುಡಕ್ಕ ಕಾಂಕ್ರೀಟು ಹಾಕಿದ್ವಿ. ಮೂಲಿಗೂ ಅಂಥಾವ ಹಾಕಿದ್ವಿ.

ಉದ್ದ ಸಾಲಿನಾಗ ಸುಮಾರು 15 ಕಂಬಕ್ಕೊಂದು ಎರಡೂ ಕಡೆ ಆಸರ ಕೊಡೂದು ರೂಢಿ. ಒಂದು ಕಡೆ ತಂತಿ ಹರದ್ರೂ ಇಡೀ ಸಾಲು ಸಡಿಲಾಗಬಾರದು ಅಂತ. ನಾನು ಹೇಳಿದ 110 ಫೂಟಿನ, 220 ಫೂಟಿನ ಗೂಟ ಇಲ್ಲಿ ಕೆಲಸಕ್ಕ ಬಂತು. ಒಂದು ಉದ್ದ ಬಾಜುದಾಗ ಅಂಥಾ ಎರಡು ಕಂಬ, ಒಂದೊಂದಕ್ಕ ಎರಡು ಆಸರ, ಎರಡು ಬಾಜು ಸೇರಿ 8. ಗಿಡ್ಡ ಬಾಜುಕ್ಕ ನಡುವ ಕೊಡಲಿಲ್ಲ.

8, 2, 8 ಕೂಡಿದ್ರ 18 ಆಸರಗಲ್ಲು. 117ಕ್ಕ 18 ಕೂಡಸ್ರಿ, 135. ಗುತ್ತಿಗಿದಾರನ ಲೆಕ್ಕಕ್ಕ 19 ಕಲ್ಲು ಕಡಿಮಿ ಬೀಳತಿದ್ವು. ಬಿದ್ದಾಗ ಆಗೂದೇನಂದ್ರ, ಆಳು ಬಂದು ನಿಂತಿರತಾರ, ಕಲ್ಲು ಇರೂದಿಲ್ಲ, "ಆಸರ ಬ್ಯಾಡ ಬಿಡ್ರಿ, ಸಾಕು" ಅಂತ ಮುಗಸಿ ಹೋಗತಾರ. ಬಾಗಿದ ಮೂಲಿ ನೀವು ಭಾಳ ಹೊಲದಾಗ ನೋಡಿರಬೇಕು. ಇಳಿಸುವಾಗ ಒಂದೆರಡು ಮುರೀತಾವಂತ ನಾಲ್ಕು ಹೆಚ್ಚಿಗೆ ಹಿಡಿದು 139 ಹೇಳಿದ್ವಿ. 6 ದಪ್ಪವು, 133 ಏಳು ಫೂಟಿನ ಸಾದಾವು. ಮೂರು ಮುರದ್ವು, ಒಂದು ಬಾವಿ ಹತ್ತರ ಅರಬಿ ಒಗೆಯಾಕ ಆತು.

ಸಾದಾ ಕಲ್ಲು ಎರಡು ಫೂಟು ಒಳಗ, ಐದು ಫೂಟು ಮ್ಯಾಲ. ಎರಿ ಭೂಮಿಯವರಿಗೆ ಒಂದು ಮಾತು. ತೋಡಿದ ಎರಿ ಮಣ್ಣನ್ನ ಕುಣಿಗೆ ಮತ್ತ ತುಂಬಬ್ಯಾಡ್ರಿ. ಎರಿ ಮಣ್ಣು ಮಳಿಗೆ ಉಬ್ಬತದ, ಬ್ಯಾಸಿಗಿಗೆ ಬಿರುಕು ಬಿಡತದ. ಕಲ್ಲು ಹಲ್ಲಿನಂಗ ಅಲ್ಲಾಡತದ. ಕಲ್ಲಿನ ಚೂರು, ಗರಸು ಹಾಕಿ, ಸ್ವಲ್ಪ ಸ್ವಲ್ಪಕ್ಕ ಗಟ್ಟಿಸಿ ತುಂಬಸ್ರಿ.

ಇನ್ನ ತಂತಿ. ಕಲ್ಲಿಗೆ ಹೋಲಿಸಿದ್ರ ಇದು ಸಸಾರ. ಸುತ್ತು 924, ಗೇಟಿನ ಹನ್ನೆರಡೂವರಿ ಕಳದ್ರ 911 ಫೂಟು 6 ಇಂಚು. ಐದು ಎಳಿ ಹಾಕಿದ್ವಿ, ಆಡು ನುಗ್ಗಬಾರದಂತ ಕೆಳಗಿನ ಎರಡು ಎಳಿ ಹತ್ತರ ಹತ್ತರ. ಐದರಿಂದ ಗುಣಿಸಿದ್ರ 4,557 ಫೂಟು ಮ್ಯಾಲ ಆರು ಇಂಚು. ಅಂಗಡಿಯವರು ಇಲ್ಲಿಗೇ ನಿಲ್ಲಸತಾರ. ಆದ್ರ ತಂತಿ ಕಟ್ಟಾಕೂ ತಂತಿ ಬೇಕು. ಒಂದ ಎಳಿನ್ನ ಮೂಲಿ ಸುತ್ತಿಸಿಕೊಂಡು ನಾಲ್ಕೂ ಬಾಜು ಎಳಕೊಂಡು ಹೋಗಬಾರದು. ಮುಳ್ಳು ಮೂಲಿ ಕಲ್ಲಿಗೆ ಸಿಕ್ಕು, ನೀವು ಈಚೆ ಎಷ್ಟು ಜಗ್ಗಿದ್ರೂ ಆಚೆ ಬಾಜು ಬಿಗಿ ಬರೂದಿಲ್ಲ. ಪ್ರತಿ ನೇರ ಸಾಲಿಗೆ ಒಂದು ತುದಿ ಕಟ್ಟಿ, ಇನ್ನೊಂದು ತುದಿ ಬಿಗದು ಕಟ್ಟಬೇಕು. ನಮ್ಮಲ್ಲಿ ನೇರ ಸಾಲು ಐದು, ಮೂರು ಪೂರಾ ಬಾಜು, ಗೇಟಿನ ಆಚೆ ಈಚೆ ಎರಡು. ಒಂದೊಂದಕ್ಕ ಐದು ಎಳಿ, ಎಳಿಗೆ ಎರಡು ತುದಿ, ಒಟ್ಟು 50 ತುದಿ. ಕಲ್ಲಿಗೆ ಸುತ್ತಿ ತನ್ನ ಮೈಗೆ ತಾನ ತಿರುವಿ ಕಟ್ಟಾಕ ತುದಿಗೆ ಎರಡು ಫೂಟು ಹಿಡದ್ರ 100 ಫೂಟು. ಜೋಡಣಿಗೆ, ತುಂಡಿಗೆ ನೂರಕ್ಕ ಮೂರರಂತೆ 140. ಎಲ್ಲಾ ಸೇರಿ 4,800 ಫೂಟು, ಮೀಟರಿನಾಗ 1,463.

ಆದ್ರ ಮುಳ್ಳುತಂತಿ ಮಾರೂದು ಕಿಲೋ ಲೆಕ್ಕದಾಗ. ಕಿಲೋಕ್ಕ ಎಷ್ಟು ಮೀಟರು ಬರತದ ಅನ್ನೂದು ತಂತಿ ದಪ್ಪದ ಮ್ಯಾಲ. ಗೇಜಿನ ಅಂಕಿ ಹೆಚ್ಚಾದಷ್ಟು ತಂತಿ ತೆಳು. ತೆಳು ತಂತಿ ಕಡಿಮಿ ಕಿಲೋದಾಗ ಮುಗೀತದ, ಅಗ್ಗ ಅನ್ನಸತದ, ಲಗೂನ ತುಕ್ಕು ತಿಂದು ಹರೀತದ. ಬಾಯಿ ಮಾತು ನಂಬದ ತೂಗಿಸಿ ನೋಡ್ರಿ. ನಾವು ಆರಿಸಿದ ತಂತಿ 10 ಮೀಟರು ಬಿಚ್ಚಿಸಿ ತುಂಡು ಮಾಡಿಸಿ ತೂಗಿಸಿದ್ರ 1 ಕಿಲೋ 100 ಗ್ರಾಂ ಬಂತು. ಆ ಲೆಕ್ಕಕ್ಕ 1,463 ಮೀಟರಿಗೆ 161 ಕಿಲೋ. ತುಂಡು ಬಿಡಲಿಲ್ಲ, ಅದಕ್ಕೂ ರೊಕ್ಕ ಕೊಟ್ಟು ತಂದೆ. ನಡುವಿನ 111 ಕಲ್ಲಿಗೆ ಐದೈದು ಕಡೆ ಕಟ್ಟೋ ಸಾದಾ ತಂತಿ ಬ್ಯಾರೆ ತಂದ್ವಿ, 555 ಕಟ್ಟು. ಕಲ್ಲಿಗೆ ತೂತು ಇಲ್ಲದಿದ್ರ ಸುತ್ತ ಬಳಸಿ ಕಟ್ಟಾಕ ಒಂದೊಂದಕ್ಕ ಎರಡೂವರಿ ಫೂಟು ಹಿಡೀರಿ.

ಕಟ್ಟಿ ಮುಗದ ಮ್ಯಾಲ ಗೇಟು ಮಾಡಾಕ ಅಳತಿ ಕೊಟ್ವಿ, ಮೊದಲ ಅಲ್ಲ. ಕಲ್ಲು ನಿಂತ ಮ್ಯಾಲ ಬಯಲನ್ನ ಬುಡದಾಗ, ನಡುವ, ತಲಿ ಕಡೆ ಮೂರು ಕಡೆ ಅಳದು, ಎಲ್ಲಕ್ಕಿಂತ ಸಣ್ಣ ಅಳತಿ ವೆಲ್ಡಿಂಗಿನವನಿಗೆ ಹೇಳಬೇಕು. ಮುಂದ ಗೇಟು ನೆಲಕ್ಕ ತಿಕ್ಕಾಕ ಹತ್ತಿದ್ರ ಗೇಟು ಜೋತಿದೆ ಅಂತ ಮೊದಲ ಅನ್ನಬ್ಯಾಡ್ರಿ, ಅದನ್ನ ಹೊತ್ತ ಕಂಬ ಬಯಲಿನ ಕಡೆ ಬಾಗಿದಿಯೇನು ಅಂತ ದಾರಕ್ಕ ಕಲ್ಲು ಕಟ್ಟಿ ಇಳೀಬಿಟ್ಟು ನೋಡ್ರಿ. ಮೂಲಿಯದೂ ಹಂಗ. ಮೂಲಿ ಬಾಜುವಿನ ಅಂಕಣದಾಗ ಮ್ಯಾಲಿನ ಎಳಿ ಸಡಿಲ ಆದ್ರ ತಂತಿ ಬಿಗಿಯೂ ಮೊದಲ ಮೂಲಿ ಕಂಬ ನೋಡಬೇಕು.

ನಮ್ಮ ಬಾಜು ಮನಿ ಕಾಕು ತಮ್ಮ ಹೊಲದ ಲೆಕ್ಕ ಕೇಳಿದ್ರು. ಅವರ ಒಂದು ಮೂಲಿಯಾಗ ಚಕ್ಕಡಿ ತಿರುಗಾಕ ಜಾಗ ಬಿಡಬೇಕು, ಮೂಲಿ ಕತ್ತರಿಸಬೇಕು. ಎರಡೂ ಬಾಜುದಾಗ 12 ಫೂಟು ಬಿಟ್ಟು ಓರೆ ಹೋದ್ರ 24 ಫೂಟಿನ ಬದಲಿ 17 ಫೂಟು ಬೇಲಿ. ಒಂದೊಂದು ಎಳಿಗೆ ಏಳು ಫೂಟು ಉಳೀತು ಅಂತ ಕಾಕು ಖುಷಿಯಾದ್ರು. ಆದ್ರ ಈಗ ಒಂದು ಮೂಲಿ ಹೋಗಿ ಎರಡು ಮೂಲಿ ಆದ್ವು. ದಪ್ಪಗಲ್ಲು ಒಂದು ಹೆಚ್ಚು, ಆಸರಗಲ್ಲು ಎರಡು ಹೆಚ್ಚು, ಕಟ್ಟೋ ತುದಿ ಹತ್ತು ಹೆಚ್ಚು. ಏಳರಂತೆ ಐದು ಎಳಿಗೆ ಉಳದ 35 ಫೂಟಿನಾಗ 20 ಫೂಟು ತುದಿಗೇ ಹೋತು. ಬೇಲಿ ಎಲ್ಲಿ ಮುರುಕಿತೋ ಅಲ್ಲಿ ಮೂಲಿ ಅಂತ ಎಣಸಬೇಕು, ಸಣ್ಣ ಮುರುಕಾದ್ರೂ. ಕಾಕು ನಿನ್ನೆ ಟೇಪು ಇಸಗೊಂಡು ಹೋಗ್ಯಾರ. ನಿಮಗ ಬೇಕಾದ್ರ ಅವರ ಹತ್ತರ ಕೇಳ್ರಿ, ಬರುವಾಗ ನಾಲ್ಕೂ ಬಾಜುವಿನ ಅಳತಿ ಬರಕೊಂಡು ನಮ್ಮ ಮನಿಗೆ ಬರ್ರಿ. ಕೂತು ಲೆಕ್ಕ ಮಾಡೂಣು. ಮೆಂತೆಪಲ್ಯ ಕೊಯ್ಯಾಕ ಬಂದದ, ಒಂದು ಸಿವುಡು ಒಯ್ಯೂರಂತ.